ಆರನೇ ಬದಲಾವಣೆ

ಐಗಳಿ ಊರಿನ ಹೊರಗೆ, ಅಥಣಿ ರಸ್ತೆಗೆ ಹತ್ತಿಕೊಂಡೇ ಏಳುತ್ತಿದ್ದ ಕೋಲ್ಡ್ ಸ್ಟೋರೇಜಿನ ಎದುರು ಪ್ರಾಜಕ್ತಾ ಕಾರು ನಿಲ್ಲಿಸಿದಾಗ ಒಳಗಿನಿಂದ ಕಟರ್ ಯಂತ್ರದ ಕಿರುಚಾಟ ಕೇಳಿಸುತ್ತಿತ್ತು. ಅಂದು ಏನನ್ನೂ ಕತ್ತರಿಸುವ ಕೆಲಸವಿರಲಿಲ್ಲ. ಅವಳು ಬಾಗಿಲು ಹಾಕುವುದನ್ನೂ ಮರೆತು ಒಳಗೆ ಓಡಿದಳು.

ಎರಡನೇ ಕೋಣೆಯ ಗೋಡೆಗೆ ಹಿಂದಿನ ವಾರವಷ್ಟೇ ನಿಲ್ಲಿಸಿದ್ದ ಬಿಳಿ ಪ್ಯಾನೆಲ್‌ಗಳಲ್ಲಿ ಮೂರನ್ನು ಎದೆಮಟ್ಟದಿಂದ ಕೊಯ್ದಿದ್ದರು. ಒಳಗಿನ ಹಳದಿ ಫೋಮ್ ಪುಡಿಪುಡಿಯಾಗಿ ನೆಲದ ತುಂಬ ಬಿದ್ದಿತ್ತು. ಕಟರ್ ಹಿಡಿದವನ ಪಕ್ಕದಲ್ಲಿ ನಿಂತು ಅಳತೆ ಹೇಳುತ್ತಿದ್ದವನು ಅವಳದೇ ಸೂಪರ್‌ವೈಸರ್, ಕರೋಶಿಯ ಈಶ್ವರ.

"ನಿಲ್ಲಸ್ರಿ!" ಎಂದು ಕೂಗಿದಳು. "ಯಾರ ಹೇಳಿದ್ರು ಇದನ್ನ ಕೊಯ್ಯಾಕ?"

ಈಶ್ವರ ಕಟರ್‌ನ ಪ್ಲಗ್ ಕಿತ್ತ. "ಚೇರ್ಮನ್ ಸಾಹೇಬ್ರು ಮುಂಜಾನೆ ಬಂದಿದ್ರರಿ. ಈ ಕೋಣಿ ಹಸಿ ದ್ರಾಕ್ಷಿಗೆ ಬೇಕಂತ. ದೊಡ್ಡ ಬಾಗಲಾ ಕೂಡ್ರಸಬೇಕಂತ. ನಿಮಗ ಫೋನ್ ಮಾಡತೀನಿ ಅಂದ್ರು. ಮಾಡಿರಬೇಕು ಅನ್ಕೊಂಡ್ನಿ."

"ಮಾಡಿಲ್ಲ."

ಪ್ರಾಜಕ್ತಾ ಚಿಕ್ಕೋಡಿಯವಳು. ಪುಣೆಯಲ್ಲಿ ಎಂಟು ವರ್ಷ ಶೈತ್ಯ ಯಂತ್ರಗಳ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು, ನಾಲ್ಕು ವರ್ಷದ ಹಿಂದೆ ಊರಿಗೆ ಬಂದು ಸ್ವಂತ ಗುತ್ತಿಗೆ ಶುರುಮಾಡಿದ್ದಳು. ಐಗಳಿಯ ದ್ರಾಕ್ಷಿ ಬೆಳೆಗಾರರ ಕಂಪನಿ ಕೊಟ್ಟ ಈ ಕೆಲಸವೇ ಅವಳ ಮಟ್ಟಿಗೆ ಇದುವರೆಗಿನ ದೊಡ್ಡದು. ಒಪ್ಪಂದ ಸರಳವಾಗಿತ್ತು: ಎರಡು ಕೋಣೆ, ಒಂದೊಂದರಲ್ಲಿ ಇನ್ನೂರು ಟನ್ ಒಣದ್ರಾಕ್ಷಿ, ನಾಲ್ಕು ಡಿಗ್ರಿ ತಂಪು, ಮಾರ್ಚ್ ಹದಿನೈದರೊಳಗೆ ಒಪ್ಪಿಸಬೇಕು. ಆಮೇಲಿನ ಹತ್ತು ದಿನಗಳಲ್ಲಿ ಬೆಳೆಗಾರರ ಶೆಡ್ಡುಗಳಿಂದ ಹೊಸ ಮಾಲು ಬರಲು ಶುರುವಾಗುತ್ತಿತ್ತು.

ಅವಳು ಫೋನ್ ತೆಗೆಯುವಷ್ಟರಲ್ಲಿ ಜೀಪು ಬಂದು ನಿಂತಿತು. ಬೆಳೆಗಾರರ ಕಂಪನಿಯ ಅಧ್ಯಕ್ಷ ಬಾಳಾಸಾಬ ಇಳಿದ. ಅರವತ್ತರ ಸಮೀಪದ ಗಟ್ಟಿ ಆಳು, ಹದಿನೆಂಟು ಎಕರೆ ದ್ರಾಕ್ಷಿಯ ಒಡೆಯ. ಊರಲ್ಲಿ ಅವನ ಮಾತಿಗೆ ಎದುರು ಮಾತು ಬಂದದ್ದು ಕಡಿಮೆ.

"ಯಾಕ ನಿಲ್ಲಿಸೀರಿ?" ಎಂದು ಕೆಲಸಗಾರರನ್ನೇ ಕೇಳಿದ, ಅವಳನ್ನಲ್ಲ.

"ನಾ ನಿಲ್ಲಿಸೀನ್ರಿ ಸಾಹೇಬ್ರ," ಎಂದಳು ಪ್ರಾಜಕ್ತಾ. "ಈ ಕೋಣಿ ಮಣೂಕಾದ್ದು, ಒಣದ್ರಾಕ್ಷಿದು. ಒಪ್ಪಂದದಾಗ ಹಂಗ ಐತಿ."

"ಇರ್ಲಿ. ಈಗ ಹಸಿ ದ್ರಾಕ್ಷಿ ಇಡೋದೈತಿ. ಕೋಣಿ ಅಂದ್ರ ಕೋಣೀನ ಅಲ್ಲೇನ್ರಿ? ಬಟನ್ ಇನ್ನಷ್ಟು ತಿರುವಿದ್ರ ಇನ್ನಷ್ಟು ತಂಪ ಆಗತೈತಿ. ಅದರಾಗ ಏನ್ ದೊಡ್ಡ ವಿದ್ಯಾ ಐತಿ?"

"ಬಟನ್ ತಿರುವಿದ್ರ ಆಗಂಗಿಲ್ರಿ. ಮಣೂಕಾಕ್ಕ ಒಣ ತಂಪ ಬೇಕು, ಹಸಿ ದ್ರಾಕ್ಷಿಗೆ ತೇವದ ತಂಪ ಬೇಕು. ತೇವ ತಾಗಿದ್ರ ಮಣೂಕಾ ಗಂಟ ಕಟ್ಟತೈತಿ, ಹುಳಿ ಬರತೈತಿ. ಮತ್ತ ಹಸಿ ಮಾಲು ತ್ವಾಟದಿಂದ ಮೂವತ್ತು ಡಿಗ್ರಿ ಬಿಸಿ ಹೊತ್ಕೊಂಡ ಬರತೈತಿ. ಆರೆಂಟು ತಾಸಿನಾಗ ಆ ಬಿಸಿ ತಗೀಬೇಕು. ಅದಕ್ಕ ಈ ಕಂಪ್ರೆಸರ್ ಸಾಲಂಗಿಲ್ಲ, ಕಾಯಿಲ್ ಸಾಲಂಗಿಲ್ಲ, ಕರೆಂಟಿನ ಟಿ.ಸಿ.ನೂ ಸಾಲಂಗಿಲ್ಲ."

"ಸಾಲೂವಂಗ ಮಾಡೋದು ನಿಮ್ಮ ಕೆಲಸ."

"ಮಾಡಬಹುದ್ರಿ. ಆದ್ರ ಅದು ಬ್ಯಾರೆ ಕೆಲಸ. ಎಷ್ಟು ದಿನ, ಏನೇನ ಬೇಕು, ಇರೋ ಕೆಲಸಕ್ಕ ಏನ್ ಆಗತೈತಿ ಅಂತ ಬರದು ಕೊಡತೀನಿ. ಆಡಳಿತ ಮಂಡಳಿ ಸಹಿ ಮಾಡಿದ ಮ್ಯಾಲೆ ಕೈ ಹಚ್ಚತೀನಿ."

ಬಾಳಾಸಾಬನ ಮುಖ ಬಿಗಿಯಿತು. "ಹಿಂದಿನ ಬಾಗಲಾ ಬೇಕಂದಾಗ ಸಹಿ ಕೇಳಿದಿ ಏನ್? ಮಾಲ ಇಳಸೋ ಕಟ್ಟಿ ಉದ್ದ ಮಾಡಂದಾಗ ಕೇಳಿದಿ ಏನ್? ಈಗ ಕಾಗದಾ ನೆನಪಾತ ಏನ್?"

ಬಹುವಚನ ಅಲ್ಲಿಗೆ ಮುಗಿದಿತ್ತು. ಕೆಲಸಗಾರರೆಲ್ಲ ಕೇಳುತ್ತಿದ್ದರು. ಅವನು ಹೇಳಿದ್ದು ನಿಜವಾಗಿತ್ತು.

ಅಂದು ಮಧ್ಯಾಹ್ನ ಅವಳು ಅಥಣಿಯ ಒಂದು ಝೆರಾಕ್ಸ್ ಅಂಗಡಿಯ ಮೂಲೆಯ ಕಂಪ್ಯೂಟರಿನ ಮುಂದೆ ಕೂತಳು. ಅಕ್ಟೋಬರಿನಿಂದ ಆದದ್ದನ್ನೆಲ್ಲ ನೆನಪಿಸಿಕೊಂಡು, ಫೋನಿನ ಫೋಟೋಗಳ ತಾರೀಖು ನೋಡಿ ಪಟ್ಟಿ ಮಾಡಿದಳು. ಮೊದಲನೆಯದು ವಾಚ್‌ಮನ್ ಕೋಣೆ ನಾಲ್ಕು ಅಡಿ ದೊಡ್ಡದಾದದ್ದು. ಅದಕ್ಕೆ ಒಪ್ಪಿದವಳು ಅವಳೇ. ಬಾಳಾಸಾಬ ಚಹಾ ಕುಡಿಯುತ್ತ ಕೇಳಿದ್ದ, "ಏನಾಗಂಗಿಲ್ಲ, ಮಾಡೋಣ್ರಿ" ಅಂದಿದ್ದಳು. ಹೊಸ ಗಿರಾಕಿಯ ಮನಸ್ಸು ಮುರಿಯಬಾರದು ಎಂಬ ಆಸೆ. ಆಮೇಲೆ ಹಿಂಬಾಗಿಲು. ಆಮೇಲೆ ಶೌಚಾಲಯಕ್ಕೆ ಟೈಲ್ಸ್. ಛಾವಣಿಯ ಸುತ್ತ ಗೋಡೆ. ಮಾಲು ಇಳಿಸುವ ಕಟ್ಟೆ ಎರಡು ಲಾರಿ ನಿಲ್ಲುವಷ್ಟು ಉದ್ದ. ಕೊನೆಯ ಮೂರಕ್ಕೆ ಈಶ್ವರ ಅವಳನ್ನು ಕೇಳಲೂ ಇರಲಿಲ್ಲ, ಅವಳು ಗದರಿಸಲೂ ಇರಲಿಲ್ಲ. ಐದೂ ಸೇರಿ ಹತ್ತೊಂಬತ್ತು ದಿನ ತಿಂದಿದ್ದವು. ಅಷ್ಟು ದಿನ ಎಲ್ಲಿ ಹೋದವು ಎಂದು ತಾನೇ ತಿಂಗಳಿಡೀ ತಲೆ ಕೆಡಿಸಿಕೊಂಡಿದ್ದಳು.

ಒಪ್ಪಂದದ ಮೂರನೇ ಪುಟದಲ್ಲಿ ಒಂದು ಕಲಮು ಇತ್ತು. ಕೆಲಸದಲ್ಲಿ ಏನೇ ಬದಲಾದರೂ ಆಡಳಿತ ಮಂಡಳಿಯ ಠರಾವಿನ ಮೇಲೆ ಅಧ್ಯಕ್ಷ, ವ್ಯವಸ್ಥಾಪಕ, ಗುತ್ತಿಗೆದಾರ ಮೂವರೂ ಬರಹದಲ್ಲಿ ಒಪ್ಪಬೇಕು. ಅದನ್ನು ಸೇರಿಸಿದವಳು ಅವಳೇ. ಮೊದಲು ಮುರಿದವಳೂ ಅವಳೇ.

ಅವಳು ಎರಡು ಕಾಗದ ಬರೆದಳು. ಮೊದಲನೆಯದರಲ್ಲಿ ಐದು ಹೆಚ್ಚುವರಿ ಕೆಲಸಗಳನ್ನು ತಾರೀಖು ಸಮೇತ ಕಾಣಿಸಿ, ಅವನ್ನು ತನ್ನ ತಪ್ಪಿನಿಂದ ಬಾಯಿಮಾತಿನ ಮೇಲೆ ಮಾಡಿದ್ದಾಗಿಯೂ, ಅವುಗಳಿಗಾಗಿ ಏನನ್ನೂ ಕೇಳುವುದಿಲ್ಲವೆಂದೂ, ಕಳೆದ ದಿನಗಳನ್ನು ಆಳು ಹೆಚ್ಚಿಸಿ ತುಂಬಿಸುವುದಾಗಿಯೂ ಬರೆದಳು. ಕೆಳಗೆ: "ಇಂದಿನಿಂದ ಸಹಿಯಾದ ವಿನಂತಿ ಇಲ್ಲದೆ ಯಾವ ಬದಲಾವಣೆಯನ್ನೂ ಮಾಡಲಾಗುವುದಿಲ್ಲ. ಸ್ಥಳದಲ್ಲಿನ ಯಾವ ನೌಕರನಿಗೂ ಒಪ್ಪುವ ಅಧಿಕಾರವಿಲ್ಲ."

ಎರಡನೆಯದು ಬದಲಾವಣೆ ವಿನಂತಿ, ಸಂಖ್ಯೆ ಆರು. ಕೇಳಿದವರು ಯಾರು, ಏನು ಕೇಳಿದರು, ಯಾಕೆ, ಎಂದು ಮೊದಲು. ಆಮೇಲೆ ಪರಿಣಾಮ: ಯಂತ್ರ, ವಿದ್ಯುತ್, ಖರ್ಚು, ದಿನ. ಕೊನೆಗೆ ಮೂರು ದಾರಿ. ಒಂದು, ಒಪ್ಪಂದ ಇದ್ದಂತೆಯೇ ಮುಂದುವರಿಯುವುದು. ಎರಡು, ಎರಡನೇ ಕೋಣೆಯನ್ನು ಹಸಿ ದ್ರಾಕ್ಷಿಗೆ ಬದಲಿಸುವುದು. ಮೂರು, ಈಗಿನದನ್ನು ಮುಗಿಸಿ ಹಸಿ ದ್ರಾಕ್ಷಿಗೆ ಪಕ್ಕದಲ್ಲಿ ಬೇರೆ ಕೋಣೆಯನ್ನು ಹೊಸ ಒಪ್ಪಂದದಲ್ಲಿ ಕಟ್ಟುವುದು. ಉತ್ತರ ಕೊಡಲು ಹತ್ತು ದಿನದ ಗಡುವು. ಅಲ್ಲಿಯವರೆಗೆ ಒಂದನೇ ಕೋಣೆಯ ಕೆಲಸ ನಿಲ್ಲುವುದಿಲ್ಲ.

ಬೆಳೆಗಾರರ ಕಂಪನಿಯ ವ್ಯವಸ್ಥಾಪಕ ಶ್ರೇಣಿಕ ಎರಡನ್ನೂ ನಿಧಾನವಾಗಿ ಓದಿದ. ತೆಳ್ಳಗಿನ ಮನುಷ್ಯ, ಅಳೆದು ಮಾತಾಡುವವನು. "ಇದನ್ನ ತಗೊಂಡ್ರ ನನಗ ತ್ರಾಸ್ರಿ ಮೇಡಂ," ಎಂದ. "ತಗೊಳ್ಳಿಲ್ಲಂದ್ರ ನಾಳೆ ಇನ್ನೂ ದೊಡ್ಡ ತ್ರಾಸ." ಪ್ರತಿಯ ಮೇಲೆ ಸ್ವೀಕರಿಸಿದ ಮುದ್ರೆ ಒತ್ತಿ, ತಾರೀಖು ಹಾಕಿ ಕೊಟ್ಟ.

ಮರುದಿನ ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿತ್ತು.

ವಾಚ್‌ಮನ್ ಚಾವಿ ತನ್ನ ಹತ್ತಿರ ಇಲ್ಲವೆಂದ. ಹನ್ನೊಂದು ಆಳುಗಳು ರಸ್ತೆಯ ಪಕ್ಕ ಬುತ್ತಿ ಹಿಡಿದು ಕೂತರು. ಬಾಳಾಸಾಬ ಫೋನ್ ಎತ್ತಲಿಲ್ಲ. ಬೆಳೆಗಾರರ ವಾಟ್ಸಪ್ ಗುಂಪಿನಲ್ಲಿ ಮಾತ್ರ ಅವನ ಧ್ವನಿ ಬಂತು: "ಆ ಚಿಕ್ಕೋಡಿ ಹೆಣ್ಣಮಗಳಿಗೆ ಕೆಲಸಾ ಬರಂಗಿಲ್ಲ. ಅದಕ್ಕ ಕಾಗದಾ ಬರದು ಟೈಂ ಕಳಿಯಾಕತ್ತಾಳ. ಇಂಥಾವ್ರನ್ನ ನಂಬಿ ನಾವು ಕೆಟ್ವಿ." ಅದರ ಕೆಳಗೆ ಒಂದಿಷ್ಟು ಜನ ಹೆಬ್ಬೆರಳು ಎತ್ತಿದ್ದರು. ಒಬ್ಬ ಹೆಣ್ಣುಮಕ್ಕಳ ಕೈಗೆ ಯಂತ್ರದ ಕೆಲಸ ಕೊಟ್ಟವರು ಯಾರು ಎಂದು ಕೇಳಿದ್ದ.

ಪ್ರಾಜಕ್ತಾ ಬೀಗದ ಫೋಟೋ ತೆಗೆದು, ಅಂದೇ ಶ್ರೇಣಿಕನಿಗೆ ಇನ್ನೊಂದು ಕಾಗದ ಕೊಟ್ಟಳು: ಇಂದು ಬೆಳಿಗ್ಗೆಯಿಂದ ಸ್ಥಳ ಪ್ರವೇಶವಿಲ್ಲ, ಹೀಗೆ ಕಳೆಯುವ ಪ್ರತಿ ದಿನ ಒಪ್ಪಿಸುವ ತಾರೀಖಿಗೆ ಕೂಡುತ್ತದೆ. ಮರುದಿನವೂ ಬೀಗ. ಮರುದಿನವೂ ಕಾಗದ.

ನಾಲ್ಕನೇ ದಿನ ಈಶ್ವರ ಬಂದು, ಕಾರಿನ ಕಿಟಕಿಯ ಹತ್ತಿರ ನಿಂತ.

"ನಾ ಬಿಡತೀನ್ರಿ ಅಕ್ಕಾರ."

"ಎಲ್ಲಿ ಹೊಂಟಿ?"

"ಚೇರ್ಮನ್‌ರು ಸಾಂಗ್ಲಿ ಕಡೆ ಒಬ್ಬ ಕಾಂಟ್ರಾಕ್ಟರ್‌ನ ಕರಸಾಕತ್ತಾರ. ಅವನ ಕಡೆ." ಈಶ್ವರ ದನಿ ಏರಿಸಿದ. "ಯಾವ ನೌಕರಗೂ ಅಧಿಕಾರ ಇಲ್ಲಂತ ಬರದೀರಿ. ಆ ಕಾಗದಾ ಊರೆಲ್ಲಾ ಓದೇತಿ. ನಾಲ್ಕ ವರ್ಷ ದುಡದಾಂವನ್ನ ಎಲ್ಲಾರ ಮುಂದ ಸಣ್ಣಾಂವನ್ನ ಮಾಡಿದ್ರಿ."

"ಕೋಣಿ ಕೊಯ್ಯೂಮುಂದ ನನಗ ಒಂದ ಫೋನ್ ಮಾಡಿದ್ರ ಈ ಮಾತ ಬರತಿದ್ದಿಲ್ಲ."

"ಟೈಲ್ಸ್, ಕಟ್ಟಿ ಮಾಡೂಮುಂದ ನೀವ್ಯಾಕ ಸುಮ್ಮನಿದ್ರಿ? ಅವಾಗ ನನ್ನ ಅಧಿಕಾರ ಬೇಕಾಗಿತ್ತು."

ಅವನು ಸ್ಕೂಟರ್ ಹತ್ತಿ ಹೋದ. ಪ್ರಾಜಕ್ತಾಗೆ ಬೀಗ ಬಿದ್ದಾಗ ಆಗದಷ್ಟು ನೋವು ಆಗ ಆಯಿತು. ಕಾಗದವನ್ನು ಕಳಿಸುವ ಮೊದಲು ಅವನನ್ನು ಕೂರಿಸಿಕೊಂಡು ಹೇಳಬಹುದಿತ್ತು. ಹೇಳಿರಲಿಲ್ಲ.

ಒಂಬತ್ತನೇ ದಿನ ಆಡಳಿತ ಮಂಡಳಿಯ ಸಭೆ ಕೂಡಿತು. ಅದನ್ನು ಕರೆದದ್ದು ಬಾಳಾಸಾಬನಲ್ಲ. ಚನ್ನವ್ವ ಎಂಬ ನಿರ್ದೇಶಕಿ ಇನ್ನಿಬ್ಬರ ಸಹಿ ಹಾಕಿಸಿ ಶ್ರೇಣಿಕನಿಗೆ ಅರ್ಜಿ ಕೊಟ್ಟಿದ್ದಳು. ಗಂಡ ಸತ್ತಮೇಲೆ ನಾಲ್ಕು ಎಕರೆ ದ್ರಾಕ್ಷಿಯನ್ನು ತಾನೇ ನಿಂತು ಬೆಳೆಯುತ್ತಿದ್ದ, ಐವತ್ತು ದಾಟಿದ ಹೆಂಗಸು. ಪ್ರಾಜಕ್ತಾಳ ಮೇಲೆ ಅವಳಿಗೂ ಸಿಟ್ಟೇ ಇತ್ತು. ಬೀಗ ಯಾಕೆ ಬಿದ್ದಿದೆ ಎಂದು ಯಾರೂ ನೆಟ್ಟಗೆ ಹೇಳದ್ದೇ ಅವಳ ಸಿಟ್ಟು.

ಏಳು ಜನ ನಿರ್ದೇಶಕರು ಉದ್ದನೆಯ ಮೇಜಿನ ಸುತ್ತ ಕೂತರು. ಪ್ರಾಜಕ್ತಾಗೆ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿದ್ದರು.

"ನೋಡ್ರಿ," ಎಂದು ಬಾಳಾಸಾಬ ಶುರುಮಾಡಿದ. "ಈ ಮೇಡಂ ಅವ್ರು ಅರ್ಧಾ ಕೆಲಸಾ ಮಾಡಿ ಆರನೇ ಕಾಗದಾ ತಂದಾರ. ನಾ ಏನೂ ಹೊಸಾದು ಕೇಳಿಲ್ಲ. ತಂಪಿನ ಕೋಣಿ ಕೇಳಿದ್ವಿ, ತಂಪಿನ ಕೋಣೀನ ಕೇಳಾಕತ್ತೀವಿ."

"ಹಸಿ ದ್ರಾಕ್ಷಿ ಅಂತ ನೀವು ಹೇಳಿಲ್ಲೇನ್ರಿ?" ಎಂದಳು ಪ್ರಾಜಕ್ತಾ.

"ನಾ ಯಾವಾಗ ಹೇಳಿದ್ನಿ? ನಿನ್ನ ಆಳು ತಿಳೀದ ಕೊಯ್ದಾನ. ಈಗ ನನ್ನ ಮ್ಯಾಲೆ ಹಾಕ್ತೀ?"

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಬಾಯಿಬಿಡುವ ಮೊದಲೇ ಒಬ್ಬ ನಿರ್ದೇಶಕ, "ಕೆಲಸಾ ಬರಲಿಲ್ಲಂದ್ರ ಬಿಟ್ಟ ಹೋಗಬೇಕು. ಹೆದರಸಾಕ ಬರಬಾರದು," ಎಂದ.

"ನಾ ಹೆದರಸಾಕ ಬಂದಿಲ್ರಿ. ಸಾಹೇಬ್ರು ಹೇಳಿಲ್ಲಂದ್ರ ಭಾಳ ಚಲೋ ಆತು. ಆರನೇ ನಂಬರ ವಿನಂತಿ ರದ್ದಂತ ಬರದು ಸಹಿ ಮಾಡ್ರಿ. ಕೊಯ್ದ ಮೂರು ಪ್ಯಾನೆಲ್ ನನ್ನ ಲೆಕ್ಕದಾಗ ಬದಲಸತೀನಿ. ನಾಳೆ ಬೀಗಾ ತಗದ್ರ ಎರಡೂ ಕೋಣಿ ಮಣೂಕಾಕ್ಕ ಮುಗಸತೀನಿ."

ಕಾಗದ ಬಾಳಾಸಾಬನ ಮುಂದೆಯೇ ಇತ್ತು. ಪೆನ್ನು ಮುಟ್ಟಲಿಲ್ಲ.

"ಸಹಿ ಮಾಡ್ರೆಲಾ, ಮುಗೀತು," ಎಂದಳು ಚನ್ನವ್ವ.

"ಅಷ್ಟ ಸರಳ ಇಲ್ಲ ಚನ್ನವ್ವಾ. ಹಸಿ ಮಾಲಿಗೆ ರೇಟ್ ಐತಿ. ಎಲ್ಲಾರ ಫಾಯದಾ ನೋಡಿ..."

"ಅಂದ್ರ ನೀವ ಹೇಳೀರಿ."

ಶ್ರೇಣಿಕ ಕೆಮ್ಮಿ, "ಕಾಗದಾ ಒಮ್ಮೆ ಓದತೀನ್ರಿ," ಎಂದು ಅಧ್ಯಕ್ಷರ ಅಪ್ಪಣೆಗೂ ಕಾಯದೆ ಓದತೊಡಗಿದ. ಎರಡನೇ ದಾರಿಗೆ ಬಂದಾಗ ಅವನ ದನಿ ನಿಧಾನವಾಯಿತು. "ಎರಡನೇ ಕೋಣೆಯನ್ನು ಹಸಿ ದ್ರಾಕ್ಷಿಗೆ ಬದಲಿಸಿದಲ್ಲಿ: ದೊಡ್ಡ ಕಂಪ್ರೆಸರ್ ಮತ್ತು ಕಾಯಿಲ್ ತರಿಸಲು ಏಳು ವಾರ. ವಿದ್ಯುತ್ ಹೊರೆ ಹೆಚ್ಚಿಸಲು ಮಂಜೂರಾತಿ ಬೇಕು, ಅದರ ಅವಧಿ ಗುತ್ತಿಗೆದಾರರ ಕೈಯಲ್ಲಿಲ್ಲ. ಮೇ ತಿಂಗಳಿಗೆ ಮೊದಲು ಕೋಣೆ ಸಿಗುವುದಿಲ್ಲ. ಈ ಹಂಗಾಮಿನಲ್ಲಿ ಒಣದ್ರಾಕ್ಷಿಗೆ ಸಿಗುವ ಜಾಗ ನಾಲ್ಕು ನೂರು ಟನ್‌ನಿಂದ ಇನ್ನೂರು ಟನ್‌ಗೆ ಇಳಿಯುತ್ತದೆ."

"ಇನ್ನೊಮ್ಮೆ ಓದಪಾ," ಎಂದಳು ಚನ್ನವ್ವ.

ಶ್ರೇಣಿಕ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ.

"ಯಾರ ಇನ್ನೂರು ಟನ್ ಹೊರಗ ಉಳೀತೈತಿ?" ಅವಳು ಮೇಜಿನ ಮೇಲೆ ಬಾಗಿದಳು. "ಚೇರ್ಮನ್‌ರ, ನಿಮ್ಮದೋ, ನಮ್ಮದೋ? ಜಾಗ ಇಲ್ಲಂದ್ರ ನಾ ಮಾರ್ಚ್ ತಿಂಗಳದಾಗ ಸಿಕ್ಕ ರೇಟಿಗೆ ಒಗದ ಬರಬೇಕು. ಹಂಗ ಒಗೀಬಾರದಂತನ ಈ ಕೋಲ್ಡ ಕಟ್ಟಾಕತ್ತಿದ್ದು."

"ಎಲ್ಲಾರಿಗೂ ಹೆಂಗರ ಹೊಂದಸೋಣು..."

"ಹೆಂಗ? ಬರದು ಕೊಡ್ರಿ."

ಆಗ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ನಿರ್ದೇಶಕ, ಐಗಳಿಯ ಧನಪಾಲ, ಬಾಯಿಬಿಟ್ಟ. ಸಾಂಗ್ಲಿಯ ವ್ಯಾಪಾರಿಯೊಬ್ಬ ಮಾರ್ಚ್ ಮೊದಲ ವಾರದಿಂದ ಐಗಳಿಯಲ್ಲಿ ತನಗೆ ಕೋಣೆ ಸಿಗುತ್ತದೆ ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ, ಮಾತು ಕೊಟ್ಟವರು ಯಾರು ಎಂದು ಕೇಳಿದ. ಬಾಳಾಸಾಬ ಮೇಜಿಗೆ ಗುದ್ದಿ ಎದ್ದು ನಿಂತ. ತಾನು ಕಂಪನಿಗೆ ದುಡಿದದ್ದು, ಸರಕಾರದ ಮಂಜೂರಾತಿ ತಂದದ್ದು, ಜಾಗ ಕೊಡಿಸಿದ್ದು ಎಲ್ಲವನ್ನೂ ಹೇಳಿದ. ಅದೆಲ್ಲ ಸುಳ್ಳಾಗಿರಲಿಲ್ಲ. ವ್ಯಾಪಾರಿಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಕೊನೆಗೆ ಪ್ರಾಜಕ್ತಾಳ ಕಡೆ ಬೆರಳು ಮಾಡಿದ.

"ಇಕಿ ಬರೂತನಕ ಈ ಮಂಡಳ್ಯಾಗ ಒಡಕು ಇದ್ದಿಲ್ಲ. ಒಂದ ಹಾಳಿ ತಂದು ಊರ ಒಡದಾಳ."

"ನಾ ಬರದದ್ದರಾಗ ಸುಳ್ಳ ಒಂದ ಸಾಲ ಇದ್ರ ತೋರಸ್ರಿ," ಎಂದಳು ಪ್ರಾಜಕ್ತಾ. "ಎರಡನೇ ದಾರಿ ಬೇಕಂದ್ರ ಅದನ್ನೂ ಮಾಡತೀನಿ. ನಂದೇನೂ ಹಟ ಇಲ್ಲ. ಇನ್ನೂರು ಟನ್ ಕಡಿಮಿ ಆಗೂದು ಗೊತ್ತಿದ್ದ ಒಪ್ಪೀವಿ ಅಂತ ಸಹಿ ಬೇಕು. ಮೇ ತಿಂಗಳದಾಗ ನನ್ನನ್ನ ಯಾರೂ ಕೇಳಬಾರದು."

ಬಾಳಾಸಾಬ ಸಹಿ ಮಾಡಲು ಒಪ್ಪಲಿಲ್ಲ. ಮಾಡದೆಯೇ ಕೆಲಸ ಆಗಬೇಕೆಂದ. ಶ್ರೇಣಿಕ ಮತಕ್ಕೆ ಹಾಕಿದ. ಈಗಿನ ಕೆಲಸ ಇದ್ದಂತೆ ಮುಗಿಯಲಿ, ಹಸಿ ದ್ರಾಕ್ಷಿಯ ಕೋಣೆಗೆ ಮುಂದೆ ಬೇರೆ ಒಪ್ಪಂದವಾಗಲಿ ಎಂಬುದಕ್ಕೆ ನಾಲ್ಕು ಕೈ ಎದ್ದವು, ವಿರುದ್ಧ ಎರಡು; ಒಬ್ಬರು ಯಾವ ಕಡೆಗೂ ಎತ್ತಲಿಲ್ಲ. ಕೆಲಸ ಬಾರದಿದ್ದರೆ ಹೋಗಬೇಕು ಎಂದಿದ್ದವನ ಕೈ ನಾಲ್ಕರಲ್ಲಿ ಒಂದು. ಠರಾವು ಬರೆದು, ಬೀಗದ ಒಂಬತ್ತು ದಿನ ಸೇರಿಸಿ ಒಪ್ಪಿಸುವ ತಾರೀಖನ್ನು ಮಾರ್ಚ್ ಇಪ್ಪತ್ನಾಲ್ಕು ಮಾಡಿದರು. ಬಾಳಾಸಾಬ ಠರಾವಿಗೆ ಸಹಿ ಹಾಕಿದ, ಹಾಳೆ ಹರಿಯುವಷ್ಟು ಒತ್ತಿ.

ಹೊರಗೆ ಬಂದಾಗ ಚನ್ನವ್ವ ಅವಳನ್ನು ತಡೆದು ನಿಲ್ಲಿಸಿದಳು. ಮೆಚ್ಚುಗೆಗಲ್ಲ.

"ಮೊದಲನೇ ಸಲ ವಾಚ್‌ಮನ್ ಕೋಣಿ ಕೇಳಿದಾಗ ಈ ಹಾಳಿ ತಂದಿದ್ರ ಒಂಬತ್ತ ದಿನ ಬೀಗಾ ಬೀಳತಿದ್ದಿಲ್ಲ," ಎಂದಳು. "ಇಪ್ಪತ್ನಾಲ್ಕ ತಾರೀಖ ಅಂದ್ರ ಇಪ್ಪತ್ನಾಲ್ಕ. ತಪ್ಪಿದ್ರ ನಾನ ನಿನ್ನ ಬಿಡಂಗಿಲ್ಲ."

ಆಮೇಲಿನ ಎರಡು ತಿಂಗಳು ಸುಲಭವಾಗಿರಲಿಲ್ಲ. ಈಶ್ವರನ ಜಾಗದಲ್ಲಿ ಪ್ರಾಜಕ್ತಾ ತಾನೇ ದಿನವೂ ಚಿಕ್ಕೋಡಿಯಿಂದ ಬಂದು ನಿಂತಳು. ಸಿಮೆಂಟಿಗೆ ಹಾಯಿಸುವ ನೀರಿನ ಪೈಪು ಎರಡು ಸಲ ಮುರಿಯಿತು. ಯಾರು ಮುರಿದರೆಂದು ಗೊತ್ತಾಗಲಿಲ್ಲ. ಬಾಳಾಸಾಬ ಪ್ರತಿ ಸೋಮವಾರ ಬಂದು ಒಂದೊಂದು ದೋಷ ತೋರಿಸುತ್ತಿದ್ದ. ನಿಜವಾದ ದೋಷವಾದರೆ ಅವಳು ಸರಿ ಮಾಡಿಸಿದಳು. ಹೊಸ ಬೇಡಿಕೆಯಾದರೆ ನಮೂನೆಯ ಹಾಳೆ ಮುಂದಿಟ್ಟಳು. ಕಟ್ಟೆಯ ಮೇಲೆ ತಗಡಿನ ನೆರಳು ಬೇಕೆಂಬುದು ಏಳನೇ ವಿನಂತಿಯಾಯಿತು. ಎರಡೇ ದಿನದ ಕೆಲಸ, ಬೇರೆಯದಕ್ಕೆ ತೊಂದರೆಯಿಲ್ಲ ಎಂದು ಬರೆದಳು. ಮಂಡಳಿ ಒಪ್ಪಿತು, ಸಹಿಯಾಯಿತು, ನೆರಳು ಬಂತು. ಎಂಟು, ಒಂಬತ್ತನ್ನು ಮಂಡಳಿಯೇ ತಳ್ಳಿಹಾಕಿತು.

ಮಾರ್ಚ್ ಇಪ್ಪತ್ತೊಂದಕ್ಕೆ ಎರಡೂ ಕೋಣೆಗಳಲ್ಲಿ ಯಂತ್ರ ಚಾಲೂ ಮಾಡಿದಳು. ಮೂರು ದಿನ, ತಾಸಿಗೊಮ್ಮೆ ಉಷ್ಣತೆ ಬರೆದಿಟ್ಟರು. ಮೊದಲ ದಿನ ಇಳಿಯುತ್ತ ಇಳಿಯುತ್ತ ನಾಲ್ಕಕ್ಕೆ ಬಂದ ಮುಳ್ಳು ಅಲ್ಲೇ ನಿಂತಿತು. ಇಪ್ಪತ್ನಾಲ್ಕರಂದು ಶ್ರೇಣಿಕ ಒಪ್ಪಂದದ ಪಟ್ಟಿ ಹಿಡಿದು ಒಂದೊಂದೇ ಅಂಶ ಓದಿ ಗುರುತು ಹಾಕಿದ. ಬಾಳಾಸಾಬ ಕೊನೆಯ ಪುಟಕ್ಕೆ ಸಹಿ ಮಾಡಿ ಪೆನ್ನು ಮೇಜಿನ ಮೇಲೆ ಎಸೆದ.

"ಅಥಣಿ ತಾಲೂಕಿನಾಗ ಇನ್ನೊಂದ ಕೆಲಸಾ ಹೆಂಗ ಸಿಗತೈತಿ ನೋಡತೀನಿ," ಎಂದ.

ಆ ಮಾತನ್ನು ಅವನು ಉಳಿಸಿಕೊಂಡ. ಹಸಿ ದ್ರಾಕ್ಷಿಯ ಹೊಸ ಕೋಣೆಯ ಗುತ್ತಿಗೆ ಸಾಂಗ್ಲಿಯ ಕಾಂಟ್ರಾಕ್ಟರ್‌ನ ಪಾಲಾಯಿತು. ತಾಲೂಕಿನ ಇನ್ನೆರಡು ಕಡೆ ಅವಳ ಅಂದಾಜುಪಟ್ಟಿ ತೆರೆಯದೆಯೇ ವಾಪಸು ಬಂತು. ರಾಯಬಾಗದಲ್ಲಿ ಒಂದು ಸಣ್ಣ ಹಾಲಿನ ಘಟಕದ ಕೆಲಸ ಸಿಕ್ಕಿತು. ಮೊದಲ ದಿನವೇ ಅಲ್ಲಿನ ಹೊಸ ಸೂಪರ್‌ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನಕ್ಕೆ ಅವನು ಹೂಂ ಅನ್ನಬಹುದು, ಏನಕ್ಕೆ ಅನ್ನಬಾರದು ಎಂದು ಮಧ್ಯಾಹ್ನದವರೆಗೆ ಮಾತಾಡಿದಳು.

ಮೇ ತಿಂಗಳಲ್ಲಿ ಕಾಗವಾಡದ ಒಂದು ಮದುವೆಗೆ ಹೋದಾಗ ಬಾಳಾಸಾಬನ ಕುಟುಂಬವೂ ಬಂದಿತ್ತು. ಊಟದ ಸಾಲಿನಲ್ಲಿ ಅವಳನ್ನು ಕಂಡ ಕೂಡಲೇ ಅವನು ಎದ್ದು ಕುರ್ಚಿಯನ್ನು ಅತ್ತ ತಿರುಗಿಸಿ ಕೂತ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಅನುಸೂಯಾ ನೀರಿನ ತಂಬಿಗೆ ಹಿಡಿದು ಅವಳ ಹತ್ತಿರ ಬಂದಳು. ಇಬ್ಬರೂ ಹಿಂದೆಂದೂ ಮಾತಾಡಿದವರಲ್ಲ.

"ನಮ್ಮ ಮಾಲೂ ಅಲ್ಲೇ ಇಟ್ಟೇವ್ರಿ, ಎರಡನೇ ಕೋಣ್ಯಾಗ," ಎಂದಳು ಮೆಲ್ಲಗೆ. "ಮಣೂಕಾದ ಬಣ್ಣಾ ಹೊಸಾದಿದ್ದಂಗ ಐತಿ."

"ಚಲೋ ಆತ್ರಿ," ಎಂದಳು ಪ್ರಾಜಕ್ತಾ.

ಅನುಸೂಯಾ ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಆಚೆಯಿಂದ ಬಾಳಾಸಾಬ ಅವಳ ಹೆಸರು ಹಿಡಿದು ಗಟ್ಟಿಯಾಗಿ ಕರೆದ. ಅವಳು ತಂಬಿಗೆಯನ್ನು ಅಲ್ಲೇ ಇಟ್ಟು, ಸೆರಗು ಸರಿಮಾಡಿಕೊಂಡು ಹೋದಳು.